ತಿಥಿಗೆ ರಿಮೈಂಡರ್ ಇಡುವುದು: ಯಾವ ದಾರಿ ಎಲ್ಲಿ ಕೈಕೊಡುತ್ತದೆ

2023ರ ಆಗಸ್ಟ್ 1ರ ಬೆಳಿಗ್ಗೆ ನನ್ನ ಮೊಬೈಲಿನ ಪಂಚಾಂಗದ ಆ್ಯಪ್ ‘ಇಂದು ದೊಡ್ಡಪ್ಪನ ತಿಥಿ’ ಎಂದು ತೋರಿಸಿತು. ಎದೆ ಧಸಕ್ಕೆಂದಿತು. ಭಟ್ಟರಿಗೆ ಹೇಳಿರಲಿಲ್ಲ, ಆಫೀಸಿಗೆ ರಜೆ ಹಾಕಿರಲಿಲ್ಲ, ಊರಿಗೆ ಬಸ್ಸಿನಲ್ಲಿ ಏಳು ಗಂಟೆಯ ದಾರಿ. ಗಾಬರಿಯಲ್ಲಿ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ‘ಇವತ್ತು ಹುಣ್ಣಿಮೆ ಹೌದು ಕಣೋ, ಆದರೆ ಇದು ಅಧಿಕ ಶ್ರಾವಣ. ನಮ್ಮದು ನಿಜ ಶ್ರಾವಣದಲ್ಲಿ. ಇನ್ನೂ ಒಂದು ತಿಂಗಳಿದೆ’ ಎಂದ ಅಣ್ಣ. ಅವನ ಕೈಯಲ್ಲಿ ಆ ವರ್ಷದ ಪಂಚಾಂಗವಿತ್ತು, ಆಗಸ್ಟ್ 30ರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಗುರುತು ಇತ್ತು.

ಅವತ್ತು ಒಂದು ತಿಂಗಳು ಮುಂಚೆ ಎಚ್ಚರಿಸಿದ್ದರಿಂದ ನಷ್ಟವೇನೂ ಆಗಲಿಲ್ಲ. ತಿಂಗಳು ತಡವಾಗಿ ಎಚ್ಚರಿಸಿದ್ದರೆ ಕಥೆಯೇ ಬೇರೆ. ಅಂದಿನಿಂದ ಮನೆಯ ಎಲ್ಲ ತಿಥಿಗಳ ಲೆಕ್ಕ ನಾನೇ ಇಡುತ್ತಿದ್ದೇನೆ. ಇರುವ ದಾರಿಗಳನ್ನೆಲ್ಲ ಬಳಸಿ ನೋಡಿದ್ದೇನೆ. ಹಬ್ಬವಾದರೆ ಊರೆಲ್ಲ ನೆನಪಿಸುತ್ತದೆ. ಮನೆಯವರ ತಿಥಿಯನ್ನು ಮನೆಯವರೇ ನೆನಪಿಡಬೇಕು. ಆದ್ದರಿಂದ ಇಲ್ಲಿ ಹೆಚ್ಚು ಮಾತು ಶ್ರಾದ್ಧದ ತಿಥಿಯ ಬಗ್ಗೆಯೇ.

ಆಯ್ಕೆಗೆ ಮೊದಲು: ನಿಮ್ಮ ಕೈಯಲ್ಲಿರುವ ತಿಥಿ ಸರಿಯೇ?

ದೊಡ್ಡಪ್ಪ ತೀರಿಕೊಂಡದ್ದು 2021ರ ಆಗಸ್ಟ್ 22ರಂದು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ‘ಹುಣ್ಣಿಮೆ’ ಎಂದಿತ್ತು. ಆದ್ದರಿಂದ ಶ್ರಾವಣ ಹುಣ್ಣಿಮೆ ಎಂದು ಬರೆದುಕೊಂಡೆವು, ಅದು ಸರಿಯೂ ಆಗಿತ್ತು. ಆದರೆ ಸರಿಯಾದದ್ದು ಅವರು ಹೋದ ಹೊತ್ತಿನಿಂದ.

ಕ್ಯಾಲೆಂಡರಿನ ಚೌಕದಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇದ್ದ ತಿಥಿ. ತಿಥಿಯಾದರೋ ನಡುರಾತ್ರಿಗೆ ಬದಲಾಗುವುದಿಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ, ಅದು ದಿನದ ಯಾವ ಹೊತ್ತಿಗಾದರೂ ಆಗಬಹುದು. ಅಂದು ಹುಣ್ಣಿಮೆ ಮುಗಿದದ್ದು ಸಂಜೆ ಐದೂವರೆಗೆ. ದೊಡ್ಡಪ್ಪ ರಾತ್ರಿ ಎಂಟಕ್ಕೆ ಹೋಗಿದ್ದರೆ ಅವರ ತಿಥಿ ಶ್ರಾವಣ ಬಹುಳ ಪಾಡ್ಯ ಆಗುತ್ತಿತ್ತು. ಕ್ಯಾಲೆಂಡರಿನ ಚೌಕ ನೋಡಿ ಬರೆದುಕೊಂಡವರು ಮುಂದೆ ವರ್ಷವರ್ಷವೂ ತಪ್ಪು ತಿಥಿಯಲ್ಲೇ ನಡೆಸುತ್ತಿದ್ದರು.

ಪಂಚಾಂಗದಲ್ಲಿ ತಿಥಿಯ ಹೆಸರಿನ ಪಕ್ಕ ಅದು ಮುಗಿಯುವ ಹೊತ್ತು ಇರುತ್ತದೆ. ಕೆಲವದರಲ್ಲಿ ಗಂಟೆ, ನಿಮಿಷ. ಹಳೆಯ ಕ್ರಮದವುಗಳಲ್ಲಿ ಘಳಿಗೆ. ಒಂದು ಘಳಿಗೆಗೆ 24 ನಿಮಿಷ, ಎಣಿಕೆ ಸೂರ್ಯೋದಯದಿಂದ. 28 ಘಳಿಗೆ ಎಂದಿದ್ದರೆ ಸೂರ್ಯ ಹುಟ್ಟಿ 11 ಗಂಟೆ 12 ನಿಮಿಷಕ್ಕೆ ಆ ತಿಥಿ ಮುಗಿಯಿತು ಎಂದರ್ಥ. ಮೃತರಾದ ಹೊತ್ತನ್ನು ಇದರ ಜೊತೆ ಹೋಲಿಸಿ ನೋಡದೆ ಯಾವ ಆ್ಯಪಿಗೂ ಏನನ್ನೂ ತುಂಬಬೇಡಿ. ಹಳೆಯ ಸಾವುಗಳಿಗೆ ಹೊತ್ತು ಯಾರಿಗೂ ಗೊತ್ತಿಲ್ಲದಿದ್ದರೆ, ಮನೆಯಲ್ಲಿ ಇಷ್ಟು ವರ್ಷ ಯಾವ ತಿಥಿಯಲ್ಲಿ ನಡೆದಿದೆಯೋ ಅದನ್ನೇ ಹಿಡಿಯಿರಿ.

ಮೊದಲ ದಾರಿ: ಮೊಬೈಲಿನ ಮಾಮೂಲಿ ‘ವರ್ಷಕ್ಕೊಮ್ಮೆ’

ಎಲ್ಲರೂ ಮೊದಲು ಮಾಡುವುದು ಇದನ್ನೇ. ಆಗಸ್ಟ್ 22 ಎಂದು ಹಾಕಿ ‘ಪ್ರತಿ ವರ್ಷ’ ಒತ್ತುತ್ತಾರೆ. ಒಳಗೆ ಕೂರುವ ನಿಯಮ ಇಷ್ಟೇ:

```
RRULE:FREQ=YEARLY
```

ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ ಮತ್ತು ಸುಮಾರು ಒಂಬತ್ತು ಗಂಟೆ. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಸ್ವಲ್ಪ ತಿಳಿದವರು ‘ಹಾಗಾದರೆ 354 ದಿನಕ್ಕೊಮ್ಮೆ ಎಂದು ಹಾಕೋಣ’ ಎನ್ನುತ್ತಾರೆ:

```
RRULE:FREQ=DAILY;INTERVAL=354
```

ದೊಡ್ಡಪ್ಪನ ತಿಥಿಗೆ ಇದನ್ನು ಹಚ್ಚಿ ನೋಡಿ. 2021ರ ಆಗಸ್ಟ್ 22ಕ್ಕೆ 354 ಕೂಡಿದರೆ 2022ರ ಆಗಸ್ಟ್ 11. ಸರಿಯಾಗಿ ಕೂತಿತು! ಅಪಾಯ ಇರುವುದೂ ಇಲ್ಲೇ, ಏಕೆಂದರೆ ಮೊದಲ ವರ್ಷ ಸರಿ ಬಂದದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ಮತ್ತೆ 354 ಕೂಡಿದರೆ 2023ರ ಜುಲೈ 31 ಬರುತ್ತದೆ. ನಿಜವಾದ ತಿಥಿ ಇದ್ದದ್ದು ಆಗಸ್ಟ್ 30ಕ್ಕೆ. ನಡುವೆ ಅಧಿಕ ಶ್ರಾವಣ ಬಂದು ಒಂದಿಡೀ ತಿಂಗಳು ಸೇರಿಕೊಂಡಿತ್ತು.

| ವರ್ಷ | ಶ್ರಾದ್ಧದ ದಿನ | ಹಿಂದಿನದರಿಂದ | ಸೂರ್ಯೋದಯಕ್ಕೆ ಹುಣ್ಣಿಮೆ ಇದ್ದ ದಿನ |
|---|---|---|---|
| 2022 | ಆಗಸ್ಟ್ 11 | 354 ದಿನ | ಆಗಸ್ಟ್ 12 |
| 2023 | ಆಗಸ್ಟ್ 30 | 384 ದಿನ | ಆಗಸ್ಟ್ 31 |
| 2024 | ಆಗಸ್ಟ್ 19 | 355 ದಿನ | ಆಗಸ್ಟ್ 19 |
| 2025 | ಆಗಸ್ಟ್ 8 | 354 ದಿನ | ಆಗಸ್ಟ್ 9 |
| 2026 | ಆಗಸ್ಟ್ 27 | 384 ದಿನ | ಆಗಸ್ಟ್ 28 |

ಎರಡು ತಿಥಿಗಳ ನಡುವಿನ ಅಂತರ ಒಮ್ಮೆ 354, ಒಮ್ಮೆ 355, ಒಮ್ಮೆ 384. ಇದಕ್ಕೆ ಒಂದೇ ಸಂಖ್ಯೆ ಇಲ್ಲ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ ಹೆಚ್ಚುಕಡಿಮೆ ಅದೇ ತಾರೀಖಿಗೆ ಮರಳುತ್ತದೆ ಎನ್ನುವುದು ನಿಜ, ಆದರೆ ಹತ್ತೊಂಬತ್ತು ವರ್ಷಕ್ಕೊಮ್ಮೆ ನೆನಪಿಸುವ ರಿಮೈಂಡರಿನಿಂದ ಯಾರಿಗೂ ಉಪಯೋಗವಿಲ್ಲ. ‘ಪ್ರತಿ ವರ್ಷ’ ಎಂದು ಹಾಕಿದ್ದರೆ 2022ರಲ್ಲಿ ಹನ್ನೊಂದು ದಿನ, 2025ರಲ್ಲಿ ಹದಿನಾಲ್ಕು ದಿನ ಕಳೆದ ಮೇಲೆ ಮೊಬೈಲು ಕೂಗುತ್ತಿತ್ತು. ಈ ದಾರಿಯನ್ನು ತಿಥಿಗೆ ಬಿಟ್ಟುಬಿಡಿ. ಇದಕ್ಕೆ ಒಂದೇ ಒಂದು ಒಳ್ಳೆಯ ಉಪಯೋಗವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಎರಡನೆಯದು: ಪಂಚಾಂಗದ ಆ್ಯಪ್

ಇಲ್ಲಿ ನೀವು ತಾರೀಖಿನ ಬದಲು ಮಾಸ, ಪಕ್ಷ, ತಿಥಿ ತುಂಬುತ್ತೀರಿ. ದಿನವನ್ನು ಆ್ಯಪ್ ಲೆಕ್ಕ ಹಾಕುತ್ತದೆ. ಯೋಚನೆ ಸರಿಯಾದದ್ದೇ. ಆದರೆ ಆ್ಯಪಿನಿಂದ ಆ್ಯಪಿಗೆ ಲೆಕ್ಕದಲ್ಲಿ ವ್ಯತ್ಯಾಸವಿರುತ್ತದೆ, ನೋಡಿದ ತಕ್ಷಣ ಅದು ಕಾಣುವುದಿಲ್ಲ. ನಾನು ಯಾವುದೇ ಆ್ಯಪನ್ನು ನಂಬುವ ಮೊದಲು ಮೂರು ದಿನ ತೆಗೆದು ನೋಡುತ್ತೇನೆ.

ಮೊದಲನೆಯದು 2023ರ ಶ್ರಾವಣ ಹುಣ್ಣಿಮೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವ ಸಂಕ್ರಮಣವೇ ಇಲ್ಲದ ಚಾಂದ್ರಮಾಸ ಅಧಿಕಮಾಸ. ಅದಕ್ಕೂ ಅದರ ಮುಂದಿನ ಮಾಸಕ್ಕೂ ಹೆಸರು ಒಂದೇ. ಹಾಗಾಗಿ ಆ ವರ್ಷ ಶ್ರಾವಣ ಹುಣ್ಣಿಮೆ ಎರಡು ಸಲ ಬಂತು, ಆಗಸ್ಟ್ 1ಕ್ಕೆ ಅಧಿಕದ್ದು, ಆಗಸ್ಟ್ 30ಕ್ಕೆ ನಿಜದ್ದು. ‘ಶ್ರಾವಣ’ ಎಂಬ ಹೆಸರು ಮೊದಲು ಸಿಕ್ಕಲ್ಲೇ ಹುಡುಕಾಟ ನಿಲ್ಲಿಸುವ ಆ್ಯಪ್ ಆಗಸ್ಟ್ 1 ಎನ್ನುತ್ತದೆ. ನನ್ನನ್ನು ಗಾಬರಿಗೆ ಕೆಡವಿದ್ದು ಅಂಥದ್ದೇ. ಒಳ್ಳೆಯ ಆ್ಯಪಿನಲ್ಲಿ ಅಧಿಕ, ನಿಜ ಎಂದು ಬೇರೆಯಾಗಿ ಆರಿಸಲು ಬರಬೇಕು. ಅಧಿಕಮಾಸದಲ್ಲೇ ತೀರಿಕೊಂಡವರಿಗೂ ಮೊದಲ ವರ್ಷದ ಕಾರ್ಯಕ್ಕೂ ಬೇರೆ ನಿಯಮಗಳಿವೆ. ಅವನ್ನು ನಿಮ್ಮ ಮನೆಯ ಪುರೋಹಿತರಿಂದಲೇ ಕೇಳಿ ತಿಳಿಯಬೇಕು.

ಎರಡನೆಯದು 2025ರ ಶ್ರಾವಣ ಹುಣ್ಣಿಮೆ. ಹುಣ್ಣಿಮೆ ಶುರುವಾದದ್ದು ಆಗಸ್ಟ್ 8ರ ಮಧ್ಯಾಹ್ನ 2.12ಕ್ಕೆ, ಮುಗಿದದ್ದು ಮರುದಿನ ಮಧ್ಯಾಹ್ನ 1.24ಕ್ಕೆ. 9ರ ಸೂರ್ಯೋದಯಕ್ಕೆ ಹುಣ್ಣಿಮೆ ಇತ್ತು, ಹಬ್ಬ ಅಂದೇ ಆಯಿತು. ಆದರೆ ಸಾಂವತ್ಸರಿಕ ಶ್ರಾದ್ಧಕ್ಕೆ ಸಾಮಾನ್ಯವಾಗಿ ನೋಡುವುದು ಅಪರಾಹ್ನದಲ್ಲಿ ತಿಥಿ ಇದೆಯೇ ಎಂಬುದನ್ನು. ಹಗಲನ್ನು ಐದು ಸಮಭಾಗ ಮಾಡಿದರೆ ನಾಲ್ಕನೆಯ ಭಾಗ ಅಪರಾಹ್ನ. ಆಗಸ್ಟ್ ಎರಡನೇ ವಾರದಲ್ಲಿ ಬೆಂಗಳೂರಿಗೆ ಅದು ಸುಮಾರು 1.40ರಿಂದ 4.10ರವರೆಗೆ. 8ರಂದು ಆ ಹೊತ್ತಿನ ಬಹುಭಾಗದಲ್ಲಿ ಹುಣ್ಣಿಮೆ ಇತ್ತು. 9ರಂದು ಅಪರಾಹ್ನ ಶುರುವಾಗುವಷ್ಟರಲ್ಲಿ ಹುಣ್ಣಿಮೆ ಮುಗಿದು ಪಾಡ್ಯ ಬಂದಿತ್ತು. ಹಾಗಾಗಿ ಶ್ರಾದ್ಧ 8ಕ್ಕೆ, ಹಬ್ಬ 9ಕ್ಕೆ. ತಿಥಿ ಒಂದೇ, ದಿನ ಎರಡು.

ಮೇಲಿನ ಪಟ್ಟಿಯ ಕೊನೆಯ ಕಾಲಮ್ಮನ್ನು ಶ್ರಾದ್ಧದ ದಿನದ ಜೊತೆ ಇಟ್ಟು ನೋಡಿ. ಸೂರ್ಯೋದಯವನ್ನು ಮಾತ್ರ ನೋಡುವ ಆ್ಯಪ್ ಐದು ವರ್ಷದಲ್ಲಿ ನಾಲ್ಕು ವರ್ಷ ಒಂದು ದಿನ ತಡವಾಗಿ ಹೇಳುತ್ತದೆ. ಇದು ಆ್ಯಪ್ ಕೆಟ್ಟದ್ದೆಂದಲ್ಲ, ಅದನ್ನು ಮಾಡಿದವರು ಶ್ರಾದ್ಧವನ್ನು ಮನಸ್ಸಿನಲ್ಲಿಟ್ಟು ಮಾಡಿಲ್ಲ ಅಷ್ಟೆ. ಒಂದೊಂದು ಆಚರಣೆಗೆ ಒಂದೊಂದು ಹೊತ್ತು ಮುಖ್ಯ. ಗಣೇಶನ ಚೌತಿಗೆ ಮಧ್ಯಾಹ್ನ, ಸಂಕಷ್ಟಿಗೆ ಚಂದ್ರೋದಯ, ಶಿವರಾತ್ರಿಗೆ ನಡುರಾತ್ರಿ. ‘ತಿಥಿ ಯಾವ ದಿನ’ ಎಂಬ ಪ್ರಶ್ನೆಗೆ ‘ಯಾವ ಕೆಲಸಕ್ಕೆ’ ಎಂದು ಮರುಪ್ರಶ್ನೆ ಹಾಕದ ಆ್ಯಪ್ ಶ್ರಾದ್ಧಕ್ಕೆ ಸಾಲದು.

ಮೂರನೆಯದು 2026ರ ಯುಗಾದಿ, ಚೈತ್ರ ಶುದ್ಧ ಪಾಡ್ಯ. ಮಾರ್ಚ್ 19ರಂದು ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.25ಕ್ಕೆ, ಆಗ ಇನ್ನೂ ಅಮಾವಾಸ್ಯೆ. ಪಾಡ್ಯ ಹತ್ತಿದ್ದು 6.50 ದಾಟಿದ ಮೇಲೆ. ಮಾರನೆಯ ದಿನ ಬೆಳಗಿನ ಜಾವ ಐದಕ್ಕೆ ಮೊದಲೇ ಮುಗಿದೂ ಹೋಯಿತು. ಅಂದರೆ ಯಾವ ಸೂರ್ಯೋದಯಕ್ಕೂ ಪಾಡ್ಯವೇ ಇಲ್ಲ. ಇದೇ ಕ್ಷಯ ತಿಥಿ. ‘ಯಾವ ದಿನ ಸೂರ್ಯೋದಯಕ್ಕೆ ಪಾಡ್ಯ ಇದೆ’ ಎಂದು ಹುಡುಕುವ ಆ್ಯಪಿಗೆ ಯುಗಾದಿಯೇ ಸಿಗುವುದಿಲ್ಲ. ಹಬ್ಬವಾದರೆ ಹೇಗೋ ತಿಳಿದುಬಿಡುತ್ತದೆ. ನಿಮ್ಮ ಅಜ್ಜಿಯ ತಿಥಿ ಹೀಗೆ ಕ್ಷಯವಾದ ವರ್ಷ ಆ್ಯಪ್ ಸುಮ್ಮನಿದ್ದುಬಿಡುತ್ತದೆ. ತಪ್ಪು ದಿನ ಹೇಳುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಬಾರದೇ ಹೋದ ರಿಮೈಂಡರನ್ನು ಯಾರೂ ಗಮನಿಸುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಒಂದೇ ತಿಥಿ ಎರಡು ಸೂರ್ಯೋದಯಗಳಿಗೆ ಸಿಕ್ಕಿ ಎರಡು ದಿನ ಎಚ್ಚರಿಸುವುದೂ ಉಂಟು. ಅದು ಕಣ್ಣಿಗೆ ಬೀಳುತ್ತದೆ, ತೊಂದರೆಯಿಲ್ಲ.

ಇದೇ ಪಾಡ್ಯ ನ್ಯೂಯಾರ್ಕಿನಲ್ಲಿ ಮಾರ್ಚ್ 18ರ ರಾತ್ರಿಯೇ ಹತ್ತಿ 19ರ ಸೂರ್ಯೋದಯಕ್ಕೆ ಸರಿಯಾಗಿಯೇ ಇತ್ತು. ಇಲ್ಲಿ ಕ್ಷಯ, ಅಲ್ಲಿ ಮಾಮೂಲು. ಹೊರದೇಶದಲ್ಲಿ ಕಾರ್ಯ ಮಾಡುವವರು ಆ್ಯಪಿನಲ್ಲಿ ತಮ್ಮ ಊರನ್ನು ಹಾಕಲೇಬೇಕು. ಊರು ಕೇಳದ ಆ್ಯಪ್ ಅವರಿಗೆ ಬೇಡ.

ಇನ್ನೊಂದು ವಿಷಯ, ಬಹುಳ ಪಕ್ಷದ ತಿಥಿ ಇರುವವರಿಗೆ. ನಮ್ಮಲ್ಲಿ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದ ಬಹುಭಾಗದಲ್ಲಿ ಹುಣ್ಣಿಮೆಗೆ. ನಮ್ಮ ಶ್ರಾವಣ ಬಹುಳ ಪಾಡ್ಯ ಅವರಿಗೆ ಭಾದ್ರಪದ ಕೃಷ್ಣ ಪಾಡ್ಯ. ದಿನ ಒಂದೇ, ಹೆಸರು ಬೇರೆ. ಆ್ಯಪಿನಲ್ಲಿ ‘ಅಮಾಂತ’ ಎಂದು ಆರಿಸದೆ ‘ಶ್ರಾವಣ ಕೃಷ್ಣ’ ಎಂದು ತುಂಬಿದರೆ ಇಡೀ ತಿಂಗಳು ಮುಂಚೆ ಎಚ್ಚರಿಸುತ್ತದೆ. ಶುದ್ಧ ಪಕ್ಷದವರಿಗೆ ಈ ಕಾಟವಿಲ್ಲ.

ಮೂರನೆಯದು: ಸಿದ್ಧ ಹಬ್ಬಗಳ ಕ್ಯಾಲೆಂಡರ್

ಯಾರೋ ಲೆಕ್ಕ ಹಾಕಿ ಇಟ್ಟ ಹಬ್ಬಗಳ ಪಟ್ಟಿಗೆ ನಿಮ್ಮ ಮೊಬೈಲಿನಿಂದ ಚಂದಾ ಆಗುವುದು. ಹಬ್ಬಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಇದನ್ನೇ ಆರಿಸಿ. ನಿಮ್ಮ ಪ್ರದೇಶದ ಪಟ್ಟಿಯೇ ಎಂದು ಮಾತ್ರ ನೋಡಿಕೊಳ್ಳಿ. 2023ರಲ್ಲಿ ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ ಹತ್ತಿ 19ರ ಮಧ್ಯಾಹ್ನ ಮುಗಿದದ್ದರಿಂದ ಕರ್ನಾಟಕದಲ್ಲಿ ರಜೆ 18ಕ್ಕೆ, ಮಹಾರಾಷ್ಟ್ರದಲ್ಲಿ 19ಕ್ಕೆ ಇತ್ತು. ಮನೆಯವರ ತಿಥಿ ಮಾತ್ರ ಇಂಥ ಪಟ್ಟಿಯಲ್ಲಿ ಇರುವುದಿಲ್ಲ.

ಕ್ಯಾಲೆಂಡರಿಗೇ ನಿಯಮ ಹೇಳಿಕೊಡಲು ಬರುವುದಿಲ್ಲವೇ?

ಸಾಫ್ಟ್‌ವೇರ್ ಕೆಲಸದ ಗೆಳೆಯರು ಈ ಪ್ರಶ್ನೆ ಕೇಳುತ್ತಾರೆ. ಬರುತ್ತದೆ, ಕೆಲವು ಪದ್ಧತಿಗಳಿಗೆ. 2015ರಲ್ಲಿ ಬಂದ RFC 7529 ಎಂಬ ನಿಯಮಾವಳಿ ಇದಕ್ಕಾಗಿಯೇ ಇದೆ. ಚೀನೀ ಪದ್ಧತಿಯ ದಿನವಾದರೆ ಹೀಗೆ ಬರೆಯಬಹುದು:

```
RRULE:RSCALE=CHINESE;FREQ=YEARLY
```

ಚೀನೀ ಪದ್ಧತಿಯಲ್ಲೂ ಅಧಿಕಮಾಸವಿದೆ, ಆದರೆ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಅಲ್ಲಿ ಕ್ಷಯ ತಿಥಿ ಎಂಬುದಿಲ್ಲ. ಯಹೂದಿ ಪಂಚಾಂಗವಂತೂ ಪೂರ್ತಿ ಗಣಿತ, ನೂರು ವರ್ಷದ ಮುಂದಿನದನ್ನೂ ಈಗಲೇ ಹೇಳಬಹುದು. ನಮ್ಮ ಚಾಂದ್ರಮಾನ ಪಂಚಾಂಗಕ್ಕೆ ಈ ಅನುಕೂಲವಿಲ್ಲ. ಸೂರ್ಯೋದಯ, ಊರು, ಆಚರಣೆಯ ಹೊತ್ತು ಎಲ್ಲವೂ ಸೇರಿಕೊಳ್ಳುವುದರಿಂದ ಅದು ಒಂದು ಸಾಲಿನ ನಿಯಮಕ್ಕೆ ದಕ್ಕುವುದಿಲ್ಲ.

`RSCALE` ಮುಂದೆ ಹಾಕಬಹುದಾದ ಪದ್ಧತಿಗಳ ಪಟ್ಟಿಯಲ್ಲಿ `indian` ಎಂಬ ಹೆಸರು ಕಂಡು ಹಿಗ್ಗಬೇಡಿ. ಅದು 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಶಕ ಕ್ಯಾಲೆಂಡರ್. ಚೈತ್ರ, ವೈಶಾಖ ಎಂಬ ಹೆಸರುಗಳೇ ಇದ್ದರೂ ಅದು ಸೌರಮಾನದ್ದು. ಅದರ ಚೈತ್ರ 1 ಯಾವಾಗಲೂ ಮಾರ್ಚ್ 22ಕ್ಕೆ, ಫೆಬ್ರವರಿಗೆ 29 ದಿನವಿರುವ ವರ್ಷವಾದರೆ 21ಕ್ಕೆ. ಚಂದ್ರನಿಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕನೆಯದು: ಸ್ವಂತ ಪಟ್ಟಿ

ನಾನು ಇಟ್ಟುಕೊಂಡಿರುವುದು ಇದನ್ನೇ. ಇದರಲ್ಲಿ ಎರಡು ಭಾಗ. ಒಂದು, ಎಂದೂ ಬದಲಾಗದ ದಾಖಲೆ. ಇನ್ನೊಂದು, ಆ ದಾಖಲೆಯಿಂದ ಹೊರಡುವ ತಾರೀಖುಗಳು.

ದಾಖಲೆಯಲ್ಲಿ ದೊಡ್ಡಪ್ಪನ ಹೆಸರಿನ ಮುಂದೆ ಹೀಗಿದೆ: ನಿಜ ಶ್ರಾವಣ, ಶುದ್ಧ, ಹುಣ್ಣಿಮೆ. ಅಪರಾಹ್ನ. ಕಾರ್ಯ ನಡೆಯುವ ಊರು. ಯಾವ ಪಂಚಾಂಗ. ಅದರ ಕೆಳಗೆ ಮೃತರಾದ ತಾರೀಖು ಮತ್ತು ಹೊತ್ತು. ತಿಥಿ ಬರೆದದ್ದು ಸರಿಯೇ ಎಂದು ಮುಂದೆ ಯಾರಿಗಾದರೂ ಅನುಮಾನ ಬಂದರೆ ಮತ್ತೆ ಲೆಕ್ಕ ಹಾಕಲು ಈ ಕೊನೆಯ ಸಾಲು ಬೇಕೇ ಬೇಕು. ಪಂಚಾಂಗದ ಹೆಸರು ಬರೆಯುವುದಕ್ಕೂ ಕಾರಣವಿದೆ. ಸೂರ್ಯಸಿದ್ಧಾಂತದ ಗಣಿತದಿಂದ ಮಾಡಿದ ಪಂಚಾಂಗಕ್ಕೂ ದೃಗ್ಗಣಿತದ್ದಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಬರುವುದುಂಟು. ಅಪರಾಹ್ನದ ಅಂಚಿನಲ್ಲಿ ತಿಥಿ ಬಂದಾಗ ಅಷ್ಟು ಸಾಕು, ದಿನವೇ ಬದಲಾಗುತ್ತದೆ. ಮನೆ ಯಾವುದನ್ನು ಹಿಡಿದಿದೆಯೋ ಅದೇ ಇರಲಿ.

ತಾರೀಖುಗಳನ್ನು ತೆಗೆಯಲು ಎರಡು ಬಗೆ. ಕಂಪ್ಯೂಟರ್ ಬಲ್ಲವರು ಐದಾರು ವರ್ಷದ್ದನ್ನು ಒಮ್ಮೆಲೇ ಲೆಕ್ಕ ಹಾಕಬಹುದು. ಸೂರ್ಯ, ಚಂದ್ರರ ಸ್ಥಾನ ಕೊಡುವ ಯಾವ ಖಗೋಳ ಲೈಬ್ರರಿ ಇದ್ದರೂ ತಿಥಿಯ ಸೂತ್ರ ಇಷ್ಟೇ:

```
tithi = int(((moon - sun) % 360) / 12) + 1
```

1ರಿಂದ 15 ಶುದ್ಧ, 16ರಿಂದ 30 ಬಹುಳ. ಎರಡರ ವ್ಯತ್ಯಾಸವನ್ನಷ್ಟೇ ನೋಡುವುದರಿಂದ, ರಾಶಿಚಕ್ರವನ್ನು ಎಲ್ಲಿಂದ ಎಣಿಸಬೇಕೆಂದು ಹೇಳುವ ಅಯನಾಂಶ ಯಾವುದಿದ್ದರೂ ತಿಥಿ ಬದಲಾಗುವುದಿಲ್ಲ. ಆದರೆ ಮಾಸದ ಹೆಸರು, ಅಧಿಕವೋ ನಿಜವೋ ಎಂಬುದು ಸಂಕ್ರಮಣದ ಮೇಲೆ ನಿಂತಿದೆ, ಅಲ್ಲಿ ಅಯನಾಂಶ ಬೇಕು. ಸೂತ್ರವನ್ನು ಸೂರ್ಯೋದಯದ ಹೊತ್ತಿಗೆ ಒಮ್ಮೆ ಹಚ್ಚಿ ಬಿಟ್ಟರೆ ಆ್ಯಪಿನ ತಪ್ಪನ್ನೇ ನೀವೂ ಮಾಡಿದಂತೆ. ತಿಥಿ ಹತ್ತುವ, ಮುಗಿಯುವ ಹೊತ್ತುಗಳನ್ನು ಕಂಡುಹಿಡಿದು, ಆ ಅವಧಿ ಯಾವ ದಿನದ ಅಪರಾಹ್ನವನ್ನು ಹೆಚ್ಚು ಆವರಿಸುತ್ತದೆ ಎಂದು ನೋಡಬೇಕು. ಹೀಗೆ ಮಾಡಿದರೆ ಕ್ಷಯ ತಿಥಿಯೂ ತಪ್ಪಿಸಿಕೊಳ್ಳುವುದಿಲ್ಲ.

ಕಂಪ್ಯೂಟರಿನ ಗೊಡವೆ ಬೇಡವೆನ್ನುವವರಿಗೆ ಅಚ್ಚಿನ ಪಂಚಾಂಗ ಸಾಕು. ಅದು ಒಂದು ಸಂವತ್ಸರದ್ದು ಮಾತ್ರ, ಯುಗಾದಿಯಿಂದ ಯುಗಾದಿಗೆ. ವರ್ಷಕ್ಕೊಮ್ಮೆ ಕೂತು ಮನೆಯ ಆರೇಳು ತಿಥಿಗಳನ್ನು ಹುಡುಕಿ ಮೊಬೈಲಿಗೆ ಹಾಕಲು ಅರ್ಧ ಗಂಟೆ ಬೇಕು. ಸಂಶಯ ಬಂದ ಒಂದೆರಡನ್ನು ಭಟ್ಟರಿಗೆ ಫೋನ್ ಮಾಡಿ ಕೇಳಿದರೆ ಮುಗಿಯಿತು.

ಮೊಬೈಲಿಗೆ ಹಾಕುವಾಗ ಪ್ರತಿ ವರ್ಷದ ದಿನವನ್ನೂ ಬೇರೆಬೇರೆ ನಮೂದಾಗಿಯೇ ಹಾಕಿ. ಒಂದೇ ನಮೂದಿನೊಳಗೆ `RDATE` ಎಂದು ಹಲವು ತಾರೀಖು ಸೇರಿಸಲು ನಿಯಮದಲ್ಲಿ ಅವಕಾಶವಿದೆ, ಆದರೆ ಕೆಲವು ಆ್ಯಪ್‌ಗಳು ಮೊದಲ ತಾರೀಖನ್ನು ಮಾತ್ರ ಓದಿ ಉಳಿದವನ್ನು ಬಿಟ್ಟುಬಿಡುತ್ತವೆ. ಹೊತ್ತು ಹಾಕದೆ ‘ಇಡೀ ದಿನ’ ಎಂದೇ ಇಡಿ. ಹೊತ್ತು ಹಾಕಿದರೆ ಬೇರೆ ದೇಶದಲ್ಲಿರುವ ತಂಗಿಯ ಮೊಬೈಲಿನಲ್ಲಿ ಅದು ಹಿಂದಿನ ದಿನಕ್ಕೆ ಸರಿದು ಕೂರಬಹುದು. ಹದಿನೈದು ದಿನ ಮುಂಚೆ ಒಂದು ಎಚ್ಚರಿಕೆ ಇರಲಿ, ರಜೆ, ಬಸ್ಸು, ಭಟ್ಟರಿಗಾಗಿ. ಎರಡು ದಿನ ಮುಂಚೆ ಇನ್ನೊಂದು.

ಮೊದಲ ದಾರಿಯ ಒಳ್ಳೆಯ ಉಪಯೋಗ ಎಂದೆನಲ್ಲ, ಅದು ಇದು: ಮಾರ್ಚ್ ಮೊದಲ ವಾರಕ್ಕೆ ‘ಹೊಸ ಪಂಚಾಂಗ ತಂದು ತಿಥಿಗಳನ್ನು ತುಂಬು’ ಎಂದು ಒಂದು ರಿಮೈಂಡರ್, ಪ್ರತಿ ವರ್ಷ ಮರುಕಳಿಸುವಂತೆ. ಯುಗಾದಿ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಓಡಾಡುತ್ತದೆ. ಚೈತ್ರದ ಮೊದಲ ದಿನಗಳಲ್ಲಿ ತಿಥಿ ಇರುವ ಮನೆಯವರು ಯುಗಾದಿಯ ನಂತರ ಕೂತರೆ ತಡವಾಗಿರುತ್ತದೆ.

ಯಾರಿಗೆ ಯಾವುದು

ಹಬ್ಬ, ಏಕಾದಶಿ, ಸಂಕಷ್ಟಿ ಮಾತ್ರ ಬೇಕಾದವರಿಗೆ ಸಿದ್ಧ ಪಟ್ಟಿ ಸಾಕು. ಮನೆಯಲ್ಲಿ ಒಂದೆರಡು ತಿಥಿ ಇದ್ದು, ನಿಮ್ಮ ಆ್ಯಪ್ ಮೇಲಿನ ಮೂರು ದಿನಗಳಿಗೂ ಸರಿಯಾದ ಉತ್ತರ ಕೊಟ್ಟರೆ, ಅಂದರೆ 2023ಕ್ಕೆ ಆಗಸ್ಟ್ 30, 2025ಕ್ಕೆ ಶ್ರಾದ್ಧ ಆಗಸ್ಟ್ 8, 2026ರ ಪಾಡ್ಯ ಮಾರ್ಚ್ 19 ಎಂದು ತೋರಿಸಿದರೆ, ಆ್ಯಪನ್ನೇ ನೆಚ್ಚಬಹುದು. ಆಗಲೂ ತಿಥಿಯ ದಾಖಲೆ ಕಾಗದದ ಮೇಲೂ ಇರಲಿ. ಮೊಬೈಲು ಬದಲಿಸಿದಾಗ ಆ್ಯಪಿನೊಳಗೆ ತುಂಬಿದ್ದು ಹೊಸದಕ್ಕೆ ಬಾರದೇ ಹೋಗಬಹುದು. ತಿಥಿಗಳು ಹೆಚ್ಚಿದ್ದರೆ, ಅಣ್ಣತಮ್ಮಂದಿರು ಬೇರೆಬೇರೆ ಊರಿನಲ್ಲಿದ್ದು ವರ್ಷಕ್ಕೊಬ್ಬರಂತೆ ಮಾಡುತ್ತಿದ್ದರೆ ಸ್ವಂತ ಪಟ್ಟಿಯೇ ಆಗಬೇಕು. ಹಂಚಿಕೊಂಡ ಒಂದು ಕ್ಯಾಲೆಂಡರಿನಲ್ಲಿ ಎಲ್ಲರೂ ಒಂದೇ ದಿನವನ್ನು ನೋಡುತ್ತಾರೆ, ಬೇರೆಬೇರೆ ಆ್ಯಪ್ ನೋಡಿ ಒಬ್ಬರು 8, ಇನ್ನೊಬ್ಬರು 9 ಎನ್ನುವ ಪ್ರಸಂಗ ಬರುವುದಿಲ್ಲ.

ನಮ್ಮ ದಾಖಲೆಯ ಒಂದು ಪ್ರತಿ ಈಗ ಅಣ್ಣನ ಪಂಚಾಂಗದ ಹಿಂದಿನ ರಟ್ಟಿನೊಳಗೆ ಮಡಿಸಿಟ್ಟಿದೆ. ಪ್ರತಿ ಮಾರ್ಚಿನಲ್ಲಿ ನಾನು ಲೆಕ್ಕ ಹಾಕಿದ ತಾರೀಖುಗಳನ್ನು ಕಳಿಸುತ್ತೇನೆ, ಅವನು ಪುಟ ತಿರುವಿ ಒಂದೊಂದನ್ನೇ ನೋಡಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾನೆ. ಎರಡೂ ಒಂದೇ ಆದ ಮೇಲೆ ಕ್ಯಾಲೆಂಡರಿಗೆ ಹಾಕುತ್ತೇನೆ.